ರೂಟರ್ ಆಂಟೆನಾ ಹೇಗೆ ನಿಲ್ಲಿಸಬೇಕು? 12 ಡಿಬಿಐ ಆಂಟೆನಾ ಹಾಕಿದ್ರೆ ಮೇಲಿನ ರೂಮಿಗೆ ಸಿಗುತ್ತಾ?

ಕೆಳಮನೆ

ನಮ್ಮ ರೂಟರ್‌ಗೆ ನಾಲ್ಕು ಆಂಟೆನಾ ಇವೆ, ಬಿಚ್ಚಿ ಬದಲಾಯಿಸಬಹುದಾದ ತರದವು. ರೂಟರ್ ಕೆಳಗಿನ ಹಾಲ್‌ನಲ್ಲಿ, ಟಿವಿ ಪಕ್ಕದ ಕಬ್ಬಿಣದ ಬೀರು ಹಿಂದೆ ಇದೆ, ಇಂಟರ್ನೆಟ್ ವೈರ್ ಬಂದಿರುವುದೇ ಅಲ್ಲಿಗೆ. ತೊಂದರೆ ಎರಡು ಕಡೆ. ಒಂದು, ಅದೇ ಮಹಡಿಯ ಕೊನೆಯ ರೂಮು, ನಡುವೆ ಎರಡು ಇಟ್ಟಿಗೆ ಗೋಡೆ. ಇನ್ನೊಂದು, ಮೇಲಿನ ರೂಮು, ಹೆಚ್ಚುಕಡಿಮೆ ಹಾಲ್‌ನ ತಲೆಯ ಮೇಲೇ ಇದೆ, ಆದರೂ ಅಲ್ಲೇ ಜಾಸ್ತಿ ಕೆಟ್ಟದಾಗಿ ಬರುತ್ತದೆ. 5 ಗಿಗಾಹರ್ಟ್ಸ್‌ನಲ್ಲಿ ಫೋನಿನ ಆ್ಯಪ್ ಸಿಗ್ನಲ್ ಕೊನೆಯ ರೂಮಿನಲ್ಲಿ -71, ಮೇಲೆ -78 ಡಿಬಿಎಂ ತೋರಿಸುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೇದು.

ಈಗ ಆಂಟೆನಾಗಳನ್ನು ಬೀಸಣಿಗೆ ತರ ಹರಡಿಟ್ಟಿದ್ದೇನೆ. ಕೆಲವರು ನೇರ ನಿಲ್ಲಿಸಿ ಅಂತಾರೆ, ಕೆಲವರು ರೂಮಿನ ಕಡೆ ತೋರಿಸಿ ಅಂತಾರೆ. ಆನ್‌ಲೈನ್‌ನಲ್ಲಿ 12 ಡಿಬಿಐ ಅಂತ ಬರೆದ ಆಂಟೆನಾ ನಾಲ್ಕರ ಸೆಟ್ ನೋಡಿದೆ, ಉದ್ದ 22 ಸೆಂ.ಮೀ. ತಗೊಳ್ಳಲಾ? ಈಗಿರುವುದರ ಮೇಲೆ 5 ಡಿಬಿಐ ಅಂತ ಇದೆ.

ಫುಲ್‌ಸಿಗ್ನಲ್

ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಡಿಬಿಐ ಜಾಸ್ತಿ ಆದಷ್ಟೂ ಪವರ್ ಜಾಸ್ತಿ. 5 ರಿಂದ 12 ಅಂದ್ರೆ 7 ಡಿಬಿ ಲಾಭ, ಅಂದ್ರೆ ಐದು ಪಟ್ಟು. ನಾನು ಹಾಕಿದ ಮೇಲೆ ಫೋನಿನಲ್ಲಿ ಕಡ್ಡಿ ಎಲ್ಲಾ ತುಂಬಿಬಿಟ್ಟಿತು. ಮತ್ತೆ ಆಂಟೆನಾ ತುದಿಯನ್ನು ಯಾವ ರೂಮಿಗೆ ಬೇಕೋ ಆ ಕಡೆ ತಿರುಗಿಸಿ, ಸಿಗ್ನಲ್ ತುದಿಯಿಂದ ಹೊರಡುತ್ತೆ ಅಲ್ವಾ.

ಹಳೇರೇಡಿಯೊ

ಇಲ್ಲ, ತುದಿಯಿಂದ ಹೊರಡುವುದಿಲ್ಲ. ಅದೇ ಅತಿ ಕೆಟ್ಟ ದಿಕ್ಕು. ಕಡ್ಡಿ ಆಂಟೆನಾದ ಸಿಗ್ನಲ್ ಕಡ್ಡಿಯ ಸುತ್ತ, ಪಕ್ಕಕ್ಕೆ ಹರಡುತ್ತದೆ, ಸೊಂಟಕ್ಕೆ ಟೈರ್ ಟ್ಯೂಬ್ ಹಾಕಿಕೊಂಡ ಹಾಗೆ ಅಂದುಕೊಳ್ಳಿ. ತಲೆಯ ನೇರ ಮತ್ತು ಕಾಲಿನ ನೇರ ಖಾಲಿ. ಕೆಳಮನೆಯವರ ಆಂಟೆನಾ ನೇರ ನಿಂತಿದ್ದರೆ ಆ ಖಾಲಿ ಜಾಗ ಇರುವುದು ಸರಿಯಾಗಿ ಮೇಲಿನ ರೂಮಿನ ಕಡೆಗೇ.

ಸ್ವಲ್ಪ ಲೆಕ್ಕ ಹಾಕೋಣ. ಮೇಲಿನ ರೂಮಿನಲ್ಲಿ ನೀವು ಕೂರುವ ಜಾಗ ರೂಟರ್‌ನಿಂದ ಅಡ್ಡಕ್ಕೆ 2 ಮೀಟರ್, ಮೇಲಕ್ಕೆ 3 ಮೀಟರ್ ಅಂದುಕೊಂಡರೆ, ಕೋನ ನೆಲದಿಂದ ಸುಮಾರು 56 ಡಿಗ್ರಿ. ಡೈಪೋಲ್ ಅನ್ನುವ ಅತಿ ಸರಳ ಕಡ್ಡಿ ಆಂಟೆನಾ ಆ ಕೋನದಲ್ಲಿ ತನ್ನ ಗರಿಷ್ಠಕ್ಕಿಂತ 6 ಡಿಬಿಗಿಂತ ಸ್ವಲ್ಪ ಜಾಸ್ತಿ ಕಡಿಮೆ ಕೊಡುತ್ತದೆ. ಅದರ ಮೇಲೆ ಆರ್‌ಸಿಸಿ ಸ್ಲ್ಯಾಬ್ ತಿನ್ನುವುದು ಬೇರೆ. ಅದೇ ರೂಮು ಮೇಲಿದ್ದರೂ 8 ಮೀಟರ್ ದೂರಕ್ಕೆ ಇದ್ದಿದ್ದರೆ ಕೋನ 20 ಡಿಗ್ರಿ ಆಗುತ್ತಿತ್ತು, ಆಗ ನೇರ ನಿಂತ ಆಂಟೆನಾಗೆ ಏನೂ ತೊಂದರೆ ಇಲ್ಲ. ಹಾಗಾಗಿ "ಮೇಲಿನ ಮಹಡಿಗೆ ಆಂಟೆನಾ ಮಲಗಿಸಿ" ಅನ್ನುವುದು ಎಲ್ಲರಿಗೂ ಹೊಂದುವುದಿಲ್ಲ. ತಲೆಯ ಮೇಲಿನ ರೂಮಿಗೆ ಹೌದು, ದೂರದ ಮೇಲಿನ ರೂಮಿಗೆ ಅಷ್ಟೇನಿಲ್ಲ.

ಈಗ 12 ಡಿಬಿಐ ವಿಷಯ. ಆಂಟೆನಾ ಪವರ್ ಹುಟ್ಟಿಸುವುದಿಲ್ಲ. ಮೇಲೆ ಕೆಳಗೆ ಹೋಗುವುದನ್ನು ಹಿಂಡಿ ಪಕ್ಕಕ್ಕೆ ಕಳಿಸುತ್ತದೆ, ಅಷ್ಟೇ. ಅದನ್ನೇ ಗೇನ್ ಅನ್ನುವುದು, ಡಿಬಿಐ ಅದರ ಅಳತೆ. ನಿಜವಾದ 9 ಡಿಬಿಐ ಕಡ್ಡಿ ಆಂಟೆನಾದ ಕಿರಣ ನೆಲಕ್ಕೆ ಅಂಟಿದ ತೆಳ್ಳಗಿನ ತಟ್ಟೆ ತರ ಇರುತ್ತದೆ, ಮೇಲೆ ಕೆಳಗೆ ಎಲ್ಲಾ ಸೇರಿ ಹದಿನೈದು ಡಿಗ್ರಿ ಆಸುಪಾಸು. ನಿಮ್ಮ 56 ಡಿಗ್ರಿ ರೂಮು ಅದರಿಂದ ಪೂರ್ತಿ ಹೊರಗೆ. ಅಂದರೆ ನಿಜವಾಗಿಯೂ ಜಾಸ್ತಿ ಗೇನ್ ಇರುವ ಆಂಟೆನಾ ಸಿಕ್ಕಿದರೆ ನಿಮ್ಮ ಕೊನೆಯ ರೂಮು ಸುಧಾರಿಸಿ, ಮೇಲಿನ ರೂಮು ಇನ್ನೂ ಕೆಡಬಹುದು.

ಕೆಳಮನೆ

"ನಿಜವಾಗಿಯೂ ಸಿಕ್ಕಿದರೆ" ಅಂದ್ರಲ್ಲ ಸರ್, ಈ ಸೆಟ್ ಸುಳ್ಳಾ?

ಹಳೇರೇಡಿಯೊ

22 ಸೆಂ.ಮೀ. ಅಂತ ನೀವೇ ಬರೆದಿದ್ದೀರಿ, ಅದೇ ಸಾಕು. ಇಂಥ ಕಡ್ಡಿಯಲ್ಲಿ ಗೇನ್ ಬರುವುದು ಉದ್ದದಿಂದ. 2.4 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 12.5 ಸೆಂ.ಮೀ. ಆ ಬ್ಯಾಂಡ್‌ನಲ್ಲಿ 20 ಸೆಂ.ಮೀ. ಕಡ್ಡಿಯಿಂದ 5 ಡಿಬಿಐ ಹತ್ತಿರ ಬಂದರೆ ಅದೇ ದೊಡ್ಡದು. 9 ಬೇಕಾದರೆ ಉದ್ದ 40 ಸೆಂ.ಮೀ. ಅಥವಾ ಮೇಲೆ ಇರಬೇಕು. 12 ಬೇಕಾದರೆ ಸುಮಾರು ಒಂದು ಮೀಟರ್ ಕಂಬ. 5 ಗಿಗಾಹರ್ಟ್ಸ್‌ನಲ್ಲಿ ಅಲೆ ಅರ್ಧಕ್ಕಿಂತ ಚಿಕ್ಕದು, ಹಾಗಾಗಿ ಅಷ್ಟೇ ಉದ್ದದಲ್ಲಿ ಇನ್ನಷ್ಟು ಗೇನ್ ಮಾಡಬಹುದು, ಆದರೆ ಅದನ್ನೂ ಒಳಗೆ ಸರಿಯಾಗಿ ಕಟ್ಟಿದ್ದರೆ ಮಾತ್ರ.

ನನ್ನ ಹತ್ತಿರ ಹಾಳಾದ ರೂಟರ್‌ಗಳ ಆಂಟೆನಾ ಒಂದು ಡಬ್ಬಿ ತುಂಬ ಇವೆ. ಒಂದರ ಪ್ಲಾಸ್ಟಿಕ್ ಸಿಪ್ಪೆ ಕುಯ್ದು ನೋಡಿದೆ, ಹೊರಗೆ ಒಳ್ಳೇ ಗೇಣುದ್ದ. ಒಳಗೆ ಬುಡದಿಂದ ಮುಕ್ಕಾಲು ಭಾಗ ಬರೀ ತೆಳು ಕೇಬಲ್. ತುದಿಯ ಹತ್ತಿರ 3 ಸೆಂ.ಮೀ. ಹಿತ್ತಾಳೆ ಕೊಳವೆ, ಅದರ ಮೇಲೆ ಇನ್ನೊಂದು 3 ಸೆಂ.ಮೀ. ತಂತಿ ಬೆತ್ತಲಾಗಿ ನಿಂತಿದೆ. ಕೆಲಸ ಮಾಡುವ ಆಂಟೆನಾ ಅಷ್ಟೇ, ಕಾಲು ಅಲೆ ಕೆಳಗೆ, ಕಾಲು ಅಲೆ ಮೇಲೆ, ಸಾದಾ ಡೈಪೋಲ್. ಅದರ ಗೇನ್ 2 ಡಿಬಿಐ ಚಿಲ್ಲರೆ. ಮೈಮೇಲೆ ಮಾತ್ರ 6 ಅಂತ ಬರೆದಿತ್ತು.

ಫುಲ್‌ಸಿಗ್ನಲ್

ಆದ್ರೆ ನನಗೆ ಕಡ್ಡಿ ತುಂಬಿದ್ದು ಸುಳ್ಳಲ್ಲ ಗುರು. ಕಣ್ಣಾರೆ ಕಂಡಿದ್ದೀನಿ.

ಟರ್ಮಿನಲ್‌ಪ್ರಿಯ

ಕಂಡಿರುತ್ತೀರಿ, ಆದರೆ ಕಾರಣ ಬೇರೆ ಇರಬಹುದು. ಫೋನನ್ನು ಒಂದು ಗೇಣು ಆಚೀಚೆ ಸರಿಸಿ ನೋಡಿ, ಆಂಟೆನಾ ಮುಟ್ಟದೆಯೇ 5-6 ಡಿಬಿ ಏರಿಳಿಯುತ್ತದೆ. ಗೋಡೆಗಳಿಂದ ಪುಟಿದು ಬಂದ ಅಲೆಗಳು ಒಂದು ಕಡೆ ಕೂಡಿಕೊಳ್ಳುತ್ತವೆ, ಕೆಲವೇ ಸೆಂ.ಮೀ. ಪಕ್ಕದಲ್ಲಿ ಒಂದನ್ನೊಂದು ಕಳೆಯುತ್ತವೆ. ಕೈ ಫೋನನ್ನು ಹಿಡಿದ ರೀತಿಯೂ ಸೇರುತ್ತದೆ. ಜನ ಎದ್ದು ಹೋಗಿ ಆಂಟೆನಾ ತಿರುಗಿಸಿ ವಾಪಸ್ ಬಂದು ಕೂತಾಗ ಫೋನು ಮೊದಲಿದ್ದ ಜಾಗದಲ್ಲಿ ಇರುವುದೇ ಇಲ್ಲ. ಆಮೇಲೆ ಆಂಟೆನಾಗೆ ಕ್ರೆಡಿಟ್.

ಕೆಳಮನೆಯವರು ಅಳೆಯುವುದಾದರೆ ಹೀಗೆ ಮಾಡಿ. ಲ್ಯಾಪ್‌ಟಾಪನ್ನು ಒಂದೇ ಕುರ್ಚಿ ಮೇಲೆ, ಒಂದೇ ದಿಕ್ಕಿಗೆ ಇಡಿ. ಅಲ್ಲಿಂದ ಗೇಣು ಗೇಣು ಸರಿಸಿ ಐದಾರು ಕಡೆ ಓದಿ ಸರಾಸರಿ ತಗೊಳ್ಳಿ. ಸ್ಪೀಡ್ ನೋಡಲು ಇಂಟರ್ನೆಟ್ ಸ್ಪೀಡ್ ಟೆಸ್ಟ್ ಬೇಡ, ಅದರಲ್ಲಿ ಹೊರಗಿನ ಲೈನಿನ ಏರಿಳಿತವೂ ಸೇರಿಬಿಡುತ್ತದೆ. ರೂಟರ್‌ಗೆ ಲ್ಯಾನ್ ವೈರ್‌ನಲ್ಲಿ ಒಂದು ಕಂಪ್ಯೂಟರ್ ಕಟ್ಟಿ, ಸ್ಪೀಡ್ ಅಳೆಯುವ ಐಪರ್ಫ್‌ನ ಈ ಕಮಾಂಡ್‌ಗಳಲ್ಲಿ ಮೊದಲನೆಯದನ್ನು ಅದರಲ್ಲಿ, ಮಿಕ್ಕ ಎರಡನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ. ವಿಳಾಸ ನಿಮ್ಮದು ಹಾಕಿ:

```
iperf3 -s
iperf3 -c 192.168.1.10 -t 30
iperf3 -c 192.168.1.10 -t 30 -R
```

`-R` ಹಾಕಿದಾಗ ಡೌನ್‌ಲೋಡ್ ದಿಕ್ಕು, ಹಾಕದಿದ್ದರೆ ಅಪ್‌ಲೋಡ್. ಎರಡನ್ನೂ ನೋಡಿ. 3 ಡಿಬಿಗಿಂತ ಕಡಿಮೆ ವ್ಯತ್ಯಾಸ ಕಂಡರೆ ವ್ಯತ್ಯಾಸ ಇಲ್ಲ ಅಂತಲೇ ಬರೆದುಕೊಳ್ಳಿ.

ಗುಡ್ಡದತುದಿ

ನನ್ನದೂ ಇದೇ ತೊಂದರೆ. ನಮ್ಮ ಮನೆ ಊರಾಚೆ ಇದೆ, ಸಿಮ್ ಹಾಕುವ 4ಜಿ ರೂಟರ್. ಹಿಂದೆ ಎರಡು ಆಂಟೆನಾ ತೂತು ಇವೆ. ಛಾವಣಿ ಮೇಲೆ ಪ್ಯಾನೆಲ್ ಆಂಟೆನಾ ಹಾಕಿದ ಮೇಲೆ ಸ್ಪೀಡ್ ಮೂರು ಪಟ್ಟು ಆಯಿತು. ಹಾಗಾಗಿ ಆಂಟೆನಾ ಸುಮ್ನೆ ಅನ್ನುವುದು ಒಪ್ಪಲ್ಲ.

ಹಳೇರೇಡಿಯೊ

ನಿಮ್ಮದು ಬೇರೆ ಕಥೆ, ಮತ್ತು ಅಲ್ಲಿ ಆಂಟೆನಾ ನಿಜವಾಗಿ ಕೆಲಸ ಮಾಡುತ್ತದೆ. ಆ ತೂತುಗಳು ಟವರ್ ಕಡೆಗೆ, ಮನೆಯೊಳಗಿನ ವೈಫೈಗೆ ಅಲ್ಲ. ಟವರ್ ಒಂದೇ ದಿಕ್ಕಿನಲ್ಲಿ ಇದೆ, ಅಲುಗಾಡುವುದಿಲ್ಲ, ಆಂಟೆನಾವನ್ನು ಗೋಡೆಯಾಚೆ ಛಾವಣಿ ಮೇಲೆ ಇಟ್ಟಿದ್ದೀರಿ. ಗೋಡೆಯ ನಷ್ಟ ಹೋಯಿತು, ದಿಕ್ಕಿನ ಗೇನ್ ಬಂತು, ಬೇರೆ ಟವರ್‌ಗಳ ಗಲಾಟೆಯೂ ಕಡಿಮೆಯಾಯಿತು. ಮನೆಯೊಳಗೆ ಜನ ಎಲ್ಲಾ ದಿಕ್ಕಿನಲ್ಲೂ ಓಡಾಡುತ್ತಾರೆ, ಅಲ್ಲಿ ಒಂದು ದಿಕ್ಕಿಗೆ ಕೊಟ್ಟರೆ ಇನ್ನೊಂದು ದಿಕ್ಕಿನಿಂದ ಕಿತ್ತುಕೊಳ್ಳಬೇಕು.

ಒಂದು ಕೇಳ್ತೀನಿ, ಎರಡೂ ಕೇಬಲ್ ಹಾಕಿದ್ದೀರಾ? ಪ್ಯಾನೆಲ್ ಒಳಗೆ ಎರಡು ಆಂಟೆನಾ ಒಂದಕ್ಕೊಂದು ಅಡ್ಡವಾಗಿ, 45 ಡಿಗ್ರಿ ಓರೆಯಲ್ಲಿ ಇರುತ್ತವೆ. ಒಂದೇ ಹಾಕಿದರೆ ಜೊತೆಜೊತೆಗೆ ಹರಿಯುವ ಎರಡು ಡೇಟಾ ಸ್ಟ್ರೀಮ್‌ನಲ್ಲಿ ಒಂದು ಕೈತಪ್ಪುತ್ತದೆ.

ಗುಡ್ಡದತುದಿ

ಎರಡೂ ಹಾಕಿದ್ದೇನೆ. ಕೇಬಲ್ ಮಾತ್ರ 10 ಮೀಟರ್ ಇದೆ, ಅರ್ಧ ಸುತ್ತಿ ಇಟ್ಟಿದ್ದೇನೆ.

ಹಳೇರೇಡಿಯೊ

ಸುತ್ತಿಟ್ಟಿದ್ದನ್ನು ಕತ್ತರಿಸಿ ಸರಿಯಾದ ಕನೆಕ್ಟರ್ ಹಾಕಿಸಿ. ಸುತ್ತಿಟ್ಟ ಅರ್ಧವೂ ಸಿಗ್ನಲ್ ತಿನ್ನುತ್ತಲೇ ಇರುತ್ತದೆ.

ಫುಲ್‌ಸಿಗ್ನಲ್

ಕೇಬಲ್ ಅಂದಾಗ ಹೊಳೀತು. ಕೆಳಮನೆಯವರು ರೂಟರ್ ಕೆಳಗೇ ಇಟ್ಟು, ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಎರಡು ಆಂಟೆನಾ ಮೇಲಿನ ರೂಮಿಗೆ ಒಯ್ದರೆ? 5 ಮೀಟರ್ ಸಾಕು. ಎರಡು ಮೇಲೆ, ಎರಡು ಕೆಳಗೆ.

ಟರ್ಮಿನಲ್‌ಪ್ರಿಯ

ಆ ಕಡ್ಡಿಪೆನ್ನಿನ ರೀಫಿಲ್‌ನಷ್ಟು ತೆಳು ಕೇಬಲ್ 5 ಗಿಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 3 ಡಿಬಿ ತಿನ್ನುತ್ತದೆ. 5 ಮೀಟರಿಗೆ 15 ಡಿಬಿ. ನೂರು ಭಾಗ ಹಾಕಿದರೆ ಮೂರು ಭಾಗ ಹೊರಗೆ ಬರುತ್ತದೆ, ಸ್ಲ್ಯಾಬೇ ವಾಸಿ ಅನ್ನಿಸಬಹುದು. ದಪ್ಪ ಎಲ್‌ಎಂಆರ್-400 ಆದರೆ ಮೀಟರಿಗೆ ಅರ್ಧ ಡಿಬಿಯೂ ಇಲ್ಲ, ಆದರೆ ಅದು ಕಿರುಬೆರಳಿನಷ್ಟು ದಪ್ಪ, ಸುಲಭಕ್ಕೆ ಬಗ್ಗುವುದಿಲ್ಲ, ಆ ಭಾರಕ್ಕೆ ರೂಟರಿನ ಕನೆಕ್ಟರ್ ಕಿತ್ತು ಬರುತ್ತದೆ. ಮೇಲಕ್ಕೆ ಏನಾದರೂ ಎಳೆಯುವುದೇ ಆದರೆ ಲ್ಯಾನ್ ವೈರ್ ಎಳೆದು ಅಲ್ಲೇ ವೈಫೈ ಕೊಡುವ ಒಂದು ಆ್ಯಕ್ಸೆಸ್ ಪಾಯಿಂಟ್ ಇಡಿ. ಆ ವೈರಿಗೆ 100 ಮೀಟರ್‌ವರೆಗೂ ಚಿಂತೆ ಇಲ್ಲ.

ಕೆಳಮನೆ

ಎಲ್ಲರ ಮಾತು ಕೇಳಿ ಮೊದಲು ಖರ್ಚಿಲ್ಲದ್ದನ್ನೇ ಮಾಡಿ ನೋಡಿದೆ. ಟರ್ಮಿನಲ್‌ಪ್ರಿಯ ಹೇಳಿದ ಹಾಗೆ ಸರಾಸರಿ ತೆಗೆದದ್ದು, ಎಲ್ಲಾ 5 ಗಿಗಾಹರ್ಟ್ಸ್.

ಬೀಸಣಿಗೆ ತರ ಇದ್ದಾಗ ಕೊನೆಯ ರೂಮು -71, ಮೇಲೆ -78. ಮೇಲೆ ಐಪರ್ಫ್‌ನಲ್ಲಿ ಡೌನ್‌ಲೋಡ್ ಸುಮಾರು 90 ಎಂಬಿಪಿಎಸ್.

ನಾಲ್ಕೂ ನೇರ ನಿಲ್ಲಿಸಿದಾಗ ಕೊನೆಯ ರೂಮು -70, ಮೇಲೆ -79. ಅಂದ್ರೆ ಏನೂ ಆಗಲಿಲ್ಲ.

ಎರಡು ನೇರ, ಎರಡು ಪೂರ್ತಿ ಮಲಗಿಸಿದಾಗ ಮೇಲೆ -74 ಆಯಿತು, ಸ್ಪೀಡ್ 140. ಕೊನೆಯ ರೂಮು -72.

ಆಮೇಲೆ ಹಳೇರೇಡಿಯೊ ಸರ್ ಹೇಳದಿದ್ದರೂ ನನಗೇ ಅನುಮಾನ ಬಂದು, ರೂಟರನ್ನು ಬೀರು ಹಿಂದಿನಿಂದ ಎತ್ತಿ, ವೈರ್ ಬರುವಷ್ಟು ದೂರ, ತೆರೆದ ಮರದ ಶೆಲ್ಫ್ ಮೇಲೆ ಇಟ್ಟೆ. ಎರಡು ಮೀಟರ್ ಕೂಡ ಇಲ್ಲ. ಮೇಲೆ -68, ಸ್ಪೀಡ್ 260. ಕೊನೆಯ ರೂಮು -63!

ಹಳೇರೇಡಿಯೊ

ಬೀರು ಅಂತ ಮೊದಲ ಪೋಸ್ಟಿನಲ್ಲೇ ಇತ್ತು, ನಾನು ಅದಕ್ಕೆ ಬರುವವನಿದ್ದೆ. ಕಬ್ಬಿಣದ ಹಾಳೆ ಹಿಂದೆ ಇಟ್ಟ ರೂಟರ್‌ಗೆ ಯಾವ ಆಂಟೆನಾ ಹಾಕಿದರೂ ಅದು ಮೊದಲು ಹಾಳೆಗೇ ಹೊಡೆಯುತ್ತದೆ. ನಿಮ್ಮ ಅಂಕಿ ನೋಡಿ: ಆಂಟೆನಾ ತಿರುಗಿಸಿದ್ದರಿಂದ ತಲೆಯ ಮೇಲಿನ ರೂಮಿಗೆ 4 ಡಿಬಿ, ಅದೇ ಮಹಡಿಗೆ ಸೊನ್ನೆ. ಲೆಕ್ಕದಲ್ಲಿ 6 ಇತ್ತು, ಪುಟಿದು ಬರುವ ಅಲೆಗಳು ಖಾಲಿ ಜಾಗವನ್ನು ಮೊದಲೇ ಒಂದಿಷ್ಟು ತುಂಬಿರುತ್ತವೆ, ಅದಕ್ಕೇ ಲಾಭ ಪೂರ್ತಿ ಕಾಣುವುದಿಲ್ಲ. ಜಾಗ ಬದಲಿಸಿದ್ದರಿಂದ ಮೇಲೆ ಇನ್ನೂ 6, ಕೆಳಗೆ 9. ನಿಜವಾದ 9 ಡಿಬಿಐ ಆಂಟೆನಾ ತಂದಿದ್ದರೂ ನಿಮ್ಮ 5ರ ಮೇಲೆ 4 ಸಿಗುತ್ತಿತ್ತು, ಅದೂ ಒಂದೇ ಮಹಡಿಗೆ.

ಮಲಗಿಸಿದ ಎರಡರ ತುದಿ ಯಾವ ಕಡೆ ಇದೆ? ಕೊನೆಯ ರೂಮಿನ ಕಡೆ ಇದ್ದರೆ ತಿರುಗಿಸಿ. ಮಲಗಿದಾಗ ಆ ಖಾಲಿ ದಿಕ್ಕು ಅಡ್ಡಕ್ಕೆ ಬಂದಿರುತ್ತದೆ.

ಕೆಳಮನೆ

ಹೌದು, ಆ ಕಡೆಗೇ ಇತ್ತು. ತಿರುಗಿಸಿದೆ, -62 ಅಥವಾ -63, ಹೇಳಿಕೊಳ್ಳುವಷ್ಟಿಲ್ಲ. ನಿಂತಿರುವ ಎರಡು ಆ ರೂಮನ್ನು ನೋಡಿಕೊಳ್ಳುತ್ತಿವೆ ಅನ್ಸುತ್ತೆ.

ಸದ್ದಿಲ್ಲದಓದುಗ

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಾನು ಇಂಥದೇ ಆಂಟೆನಾ ಸೆಟ್ ತಂದು ಹಾಕಿ ಆಗಿಹೋಗಿದೆ. ನನ್ನದರಲ್ಲಿ ಎರಡೇ ಆಂಟೆನಾ, ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಬೇರೆ ಸಾಫ್ಟ್‌ವೇರ್ ಹಾಕಿದ್ದೇನೆ. ಹಳೆಯದರಲ್ಲಿ ಬರುತ್ತಿದ್ದ ಸ್ಪೀಡಿನ ಅರ್ಧ ಬರುತ್ತಿದೆ, ಸಿಗ್ನಲ್ ಮಾತ್ರ ಚೆನ್ನಾಗೇ ಇದೆ. ಇದ್ಯಾಕೆ?

ಟರ್ಮಿನಲ್‌ಪ್ರಿಯ

ರೂಟರ್‌ಗೆ ಎಸ್‌ಎಸ್‌ಎಚ್ ಮಾಡಿ ಇದನ್ನು ಹಾಕಿ, ಇಂಟರ್ಫೇಸ್ ಹೆಸರು ನಿಮ್ಮದರಲ್ಲಿ ಬೇರೆ ಇರಬಹುದು:

```
iw dev wlan0 station dump
```

ಅದರಲ್ಲಿ `signal:` ಸಾಲಿನಲ್ಲಿ ಚೌಕ ಆವರಣದೊಳಗೆ ಏನಿದೆ ಹೇಳಿ.

ಸದ್ದಿಲ್ಲದಓದುಗ

```
signal:  -58 [-58, -81] dBm
```

ಟರ್ಮಿನಲ್‌ಪ್ರಿಯ

ಸಿಕ್ಕಿತು. ಆವರಣದೊಳಗಿರುವುದು ಒಂದೊಂದು ಆಂಟೆನಾಗೆ ಒಂದೊಂದು ಅಂಕಿ. ಎರಡೂ ಕೆಲವು ಡಿಬಿ ಅಂತರದಲ್ಲಿ ಇರಬೇಕು. ನಿಮ್ಮ ಎರಡನೆಯದು 23 ಡಿಬಿ ಕೆಳಗೆ, ಅಂದರೆ ಆಂಟೆನಾ ಇಲ್ಲದ ಹಾಗೆ. ಒಟ್ಟು ಸಿಗ್ನಲ್ ಚೆನ್ನಾಗಿರುವ ಒಂದರಿಂದಲೇ -58 ಬರುತ್ತದೆ, ಹಾಗಾಗಿ ಆ್ಯಪ್‌ನಲ್ಲಿ ಏನೂ ಗೊತ್ತಾಗಲ್ಲ. ಆದರೆ ಎರಡು ಸ್ಟ್ರೀಮ್ ಕಳಿಸಲು ಆಗದೆ ಒಂದಕ್ಕೇ ಇಳಿದಿದೆ, ಸ್ಪೀಡ್ ಅರ್ಧ.

ಆ ಆಂಟೆನಾ ಬಿಚ್ಚಿ ಕನೆಕ್ಟರ್ ಮಧ್ಯೆ ನೋಡಿ. ರೂಟರ್ ಕಡೆ ಹೊರಗೆ ಸುತ್ತು ಇದ್ದು ಮಧ್ಯೆ ಸೂಜಿ ಇದ್ದರೆ ಅದು ಆರ್‌ಪಿ-ಎಸ್‌ಎಂಎ ಅನ್ನುವ ತರದ ಕನೆಕ್ಟರ್. ಆಗ ಆಂಟೆನಾ ಕಡೆ ತೂತು ಇರಬೇಕು. ಎರಡೂ ಕಡೆ ಸೂಜಿ ಇದ್ದರೆ ಬಲವಂತ ಮಾಡಿ ಬಗ್ಗಿಸಿರುತ್ತೀರಿ, ಎರಡೂ ಕಡೆ ತೂತು ಇದ್ದರೆ ತಿರುಪು ಚೆನ್ನಾಗಿ ಕೂರುತ್ತದೆ, ಮಧ್ಯೆ ಮಾತ್ರ ಏನೂ ಮುಟ್ಟಿರಲ್ಲ.

ಸದ್ದಿಲ್ಲದಓದುಗ

ಎರಡೂ ಕಡೆ ಸರಿಯಾಗಿದೆ, ಸೂಜಿ ಇದೆ, ತೂತು ಇದೆ. ಆದರೆ ಬಿಗಿ ಮಾಡುವಾಗ ರೂಟರ್ ಕಡೆಯ ಕನೆಕ್ಟರೇ ಜೊತೆಗೆ ತಿರುಗುತ್ತಿತ್ತು.

ಹಳೇರೇಡಿಯೊ

ಹಾಗಾದರೆ ಒಳಗಿನ ತೆಳು ಕೇಬಲ್ ತಿರುಚಿಕೊಂಡು ಬೋರ್ಡಿನಿಂದ ಕಳಚಿದೆ. ಬೋರ್ಡ್ ಮೇಲೆ ಅಕ್ಕಿಕಾಳಿನಷ್ಟು ಚಿಕ್ಕ ಯು.ಎಫ್‌ಎಲ್ ಕನೆಕ್ಟರ್ ಇರುತ್ತದೆ, ಒತ್ತಿ ಕೂರಿಸುವುದು. ಕರೆಂಟ್ ತೆಗೆದು, ಮುಚ್ಚಳ ಬಿಚ್ಚಿ, ಸಮಕ್ಕೆ ಇಟ್ಟು ಬೆರಳಿನಿಂದ ಒತ್ತಿ, ಕಟಕ್ ಅನ್ನುತ್ತದೆ. ಪದೇ ಪದೇ ತೆಗೆದು ಹಾಕಬೇಡಿ, ಮೂವತ್ತು ಸಲಕ್ಕೆ ಮಾತ್ರ ಮಾಡಿದ ಕನೆಕ್ಟರ್ ಅದು. ಕೆಲವು ರೂಟರ್‌ಗಳಲ್ಲಿ ಕೇಬಲನ್ನು ನೇರ ಬೆಸುಗೆ ಹಾಕಿರುತ್ತಾರೆ, ಹಾಗಿದ್ದರೆ ಬೆಸುಗೆ ಗೊತ್ತಿರುವವರ ಹತ್ತಿರ ಕೊಡಿ. ಮುಂದಿನ ಸಲ ಬಿಗಿ ಮಾಡುವಾಗ ರೂಟರ್ ಕಡೆಯ ಷಟ್ಕೋನ ನಟ್ಟನ್ನು ಇಕ್ಕಳದಲ್ಲಿ ಹಿಡಿದುಕೊಳ್ಳಿ.

ಫುಲ್‌ಸಿಗ್ನಲ್

ಒಂದು ಕೇಳ್ಬೇಕು. ಆಂಟೆನಾ ಬದಲು ರೂಟರ್ ಸೆಟ್ಟಿಂಗ್‌ನಲ್ಲಿ ಪವರ್ ಏರಿಸಿದ್ರೆ ಆಗಲ್ವಾ? ಕೆಲವದರಲ್ಲಿ ದೇಶ ಬದಲಾಯಿಸಿದ್ರೆ ಜಾಸ್ತಿ ಸಿಗುತ್ತೆ.

ಹಳೇರೇಡಿಯೊ

ಕಡ್ಡಿ ತುಂಬುತ್ತದೆ, ಕೆಲಸ ಆಗಲ್ಲ. ರೂಟರ್ ಕೂಗುವುದು ಫೋನಿಗೆ ಕೇಳುತ್ತದೆ, ಫೋನು ಹೇಳುವುದು ರೂಟರಿಗೆ ಕೇಳಬೇಕಲ್ಲ. ಫೋನಿನ ಪವರ್ ಇದ್ದಷ್ಟೇ ಇರುತ್ತದೆ. ಆಂಟೆನಾ ಗೇನ್‌ನ ಒಳ್ಳೇ ಗುಣ ಇದೇ, ಕಳಿಸುವಾಗಲೂ ಕೇಳಿಸಿಕೊಳ್ಳುವಾಗಲೂ ಒಂದೇ ಸಮ ಸಿಗುತ್ತದೆ. ಆದರೆ ಕಾನೂನಿನ ಮಿತಿ ಇರುವುದು ಪವರ್ ಮತ್ತು ಗೇನ್ ಸೇರಿಸಿ. ರೂಟರ್ ಮಾಡಿದವರು ಜೊತೆಗೆ ಬಂದ ಆಂಟೆನಾ ಲೆಕ್ಕಕ್ಕೆ ಪವರ್ ಹೊಂದಿಸಿರುತ್ತಾರೆ, ನೀವು ಜಾಸ್ತಿ ಗೇನ್ ಹಾಕಿದರೆ ಮಿತಿ ದಾಟಬಹುದು. ಸೆಟ್ಟಿಂಗ್‌ನಲ್ಲಿ ಬೇರೆ ದೇಶ ಹಾಕುವುದು ಬೇಡ, ಅದು ನಮ್ಮಲ್ಲಿ ಬಿಡದ ಚಾನೆಲ್‌ಗಳನ್ನೂ ತೆರೆದುಬಿಡುತ್ತದೆ.

ಗುಡ್ಡದತುದಿ

ಒಂದು ನೇರ, ಒಂದು 45 ಡಿಗ್ರಿ ಇಟ್ಟರೆ ಎಲ್ಲಕ್ಕಿಂತ ಒಳ್ಳೇದು ಅಂತ ನನ್ನ ತಮ್ಮ ಹೇಳ್ತಾನೆ. ಪ್ಯಾನೆಲ್‌ನಲ್ಲಿ ಓರೆ ಇದ್ದ ಹಾಗೆ.

ಟರ್ಮಿನಲ್‌ಪ್ರಿಯ

ನಾನೂ ಓರೆ ಪಕ್ಷ. ಫೋನನ್ನು ಯಾರೂ ನೆಟ್ಟಗೆ ಹಿಡಿಯುವುದಿಲ್ಲ, ಎರಡು ಆಂಟೆನಾ ಬೇರೆ ಬೇರೆ ಓರೆಯಲ್ಲಿದ್ದರೆ ಒಂದಾದರೂ ಹೊಂದುತ್ತದೆ, ಎರಡು ಸ್ಟ್ರೀಮ್ ಬೇರ್ಪಡಿಸಲೂ ಸುಲಭ. ನಮ್ಮ ಮನೆಯಲ್ಲಿ ರೂಟರ್ ಎದುರೇ ಕೂತಾಗ ಇದು ಸ್ಪೀಡಿನಲ್ಲಿ ಕಂಡಿದೆ.

ಹಳೇರೇಡಿಯೊ

ಎದುರಿಗೆ ಅಡ್ಡ ಇಲ್ಲದಿದ್ದಾಗ ಒಪ್ಪುತ್ತೇನೆ. ಎರಡು ಗೋಡೆ ದಾಟಿದ ಮೇಲೆ ಅಲೆ ಯಾವ ಓರೆಯಲ್ಲಿ ಹೊರಟಿತ್ತು ಅನ್ನುವುದೇ ಕಲಸಿಹೋಗಿರುತ್ತದೆ, ಅಲ್ಲಿ 45 ಆದರೇನು 90 ಆದರೇನು. ನನಗೆ ಅಳತೆಯಲ್ಲಿ ಎಂದೂ ಕಂಡಿಲ್ಲ.

ಟರ್ಮಿನಲ್‌ಪ್ರಿಯ

ಕೊನೆಯ ರೂಮಿನಲ್ಲಿ ಕೆಳಮನೆಯವರು ಅಳೆದು ಹೇಳಲಿ, ಎರಡೂ ತರ.

ಕೆಳಮನೆ

ಭಾನುವಾರ ನೋಡ್ತೀನಿ. ಈಗ ಮೇಲಿನ ರೂಮಿನಲ್ಲಿ ಮೀಟಿಂಗ್ ನಡೀತಿದೆ, ಆಂಟೆನಾ ಮುಟ್ಟಿದ್ರೆ ಮನೆಯವರು ಬೈತಾರೆ. 12 ಡಿಬಿಐ ಸೆಟ್ ಕಾರ್ಟ್‌ನಿಂದ ತೆಗೆದೆ, ಅದರ ಬದಲು 15 ಮೀಟರ್ ಲ್ಯಾನ್ ವೈರ್ ಹಾಕಿದ್ದೇನೆ. ಮೆಟ್ಟಿಲ ಪಕ್ಕದ ಪೈಪಿನಲ್ಲಿ ಕರೆಂಟ್ ವೈರ್ ಇದೆ, ಅದರ ಜೊತೆಗೇ ಎಳೀಬಹುದಾ?

ಹಳೇರೇಡಿಯೊ

ಬೇಡ. ಕರೆಂಟ್ ವೈರ್ ಇರುವ ಪೈಪಿನೊಳಗೆ ಲ್ಯಾನ್ ವೈರ್ ಹಾಕಬಾರದು, ಗದ್ದಲಕ್ಕಿಂತ ಹೆಚ್ಚಾಗಿ ಜೀವಕ್ಕೆ ಅಪಾಯ. ಬೇರೆ ಪೈಪ್ ಇಲ್ಲದಿದ್ದರೆ ಗೋಡೆ ಮೇಲೆ ಕೇಸಿಂಗ್ ಪಟ್ಟಿ ಹೊಡೆದು ಒಯ್ಯಿರಿ.